ಬ್ರೆಡ್ಡಿನಲ್ಲಿ ಹಕ್ಕಿ ಗರಿ ಇರುತ್ತದಾ?

ಪ್ರಶ್ನೆ: ಬೆಂಗಳೂರಲ್ಲಿ ಕೆಲಸಕ್ಕಿರುವ ಮಗ ವೀಗನ್ ಆಗಿದ್ದಾನೆ. ರಜೆಗೆ ಊರಿಗೆ ಬಂದರೆ ತಂಬುಳಿಯೂ ಬೇಡ, ತುಪ್ಪವೂ ಬೇಡ. ಬ್ರೆಡ್ಡಾದರೂ ತಿನ್ನಲಿ ಅಂತ ತಂದಿಟ್ಟರೆ, ಅದರ ಹಿಟ್ಟಿಗೆ ಹಕ್ಕಿ ಗರಿಯಿಂದ ಮಾಡಿದ ಪುಡಿ ಹಾಕ್ತಾರೆ ಅಂತಾನೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆಯಲ್ಲ? ಪೇಟೆಯ ಬೇಕರಿ ಬ್ರೆಡ್ಡಾದರೆ ಹೇಗೆ?
— ಓದುಗರೊಬ್ಬರು, ಶಿರಸಿ

ಉತ್ತರ: ಗರಿಯ ಮಾತು ಸುಳ್ಳಲ್ಲ. ಆದರೆ ಹಸಿರು ಚುಕ್ಕೆಯ ಪ್ಯಾಕೆಟ್ಟಿನಲ್ಲಿ ನಿಮ್ಮ ಮಗ ಹುಡುಕಬೇಕಾದ್ದು ಗರಿಯನ್ನಲ್ಲ, ಹಾಲನ್ನು.

ಅವರು ಹೇಳುತ್ತಿರುವುದು ಎಲ್-ಸಿಸ್ಟೀನ್ ಎಂಬ ಪದಾರ್ಥದ ಬಗ್ಗೆ. ಲೇಬಲ್ಲಿನಲ್ಲಿ ಇದರ ನಂಬರು 920. ಚಪಾತಿ ಹಿಟ್ಟು ನಾದಿದ ಕೂಡಲೇ ಲಟ್ಟಿಸಲು ಹೋದರೆ ಎಳೆದಷ್ಟೂ ಹಿಂದಕ್ಕೆ ಬರುತ್ತದೆ, ಅರ್ಧ ಗಂಟೆ ಮುಚ್ಚಿಟ್ಟರೆ ಹೇಳಿದ ಮಾತು ಕೇಳುತ್ತದೆ. ಗೋಧಿಯ ಅಂಟು, ಅಂದರೆ ಗ್ಲುಟೆನ್, ಗಂಧಕದ ಕೊಂಡಿಗಳಿಂದ ಬಿಗಿದುಕೊಂಡಿರುತ್ತದೆ. ಎಲ್-ಸಿಸ್ಟೀನ್ ಆ ಕೊಂಡಿಗಳಲ್ಲಿ ಒಂದಿಷ್ಟನ್ನು ಬಿಡಿಸುತ್ತದೆ. ಕಾಯಲು ಪುರುಸೊತ್ತಿಲ್ಲದ ಕಾರ್ಖಾನೆಯಲ್ಲಿ ಹಿಟ್ಟು ಬೇಗ ಮೆತ್ತಗಾಗಿ ಯಂತ್ರದಲ್ಲಿ ಸಲೀಸಾಗಿ ಹರಿಯುತ್ತದೆ. ಪಿಜ್ಜಾ ಬೇಸ್, ಬರ್ಗರ್ ಬನ್ನುಗಳಂತೆ ಹಿಟ್ಟನ್ನು ಅಗಲಕ್ಕೆ ಹರಡಬೇಕಾದ ಕಡೆ ಇದರ ಉಪಯೋಗ ಜಾಸ್ತಿ.

ಕೂದಲು, ಗರಿ, ಹಂದಿಯ ಬಿರುಗೂದಲು ಇವೆಲ್ಲ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಅದರಲ್ಲಿ ಈ ಸಿಸ್ಟೀನ್ ಧಾರಾಳವಾಗಿದೆ. ಗರಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ, ಶುದ್ಧ ಮಾಡಿ, ಬಿಳಿ ಪುಡಿ ತೆಗೆಯುತ್ತಾರೆ. ಇದು ಹಳೆಯ ದಾರಿ. ಈಗ ಸಕ್ಕರೆ ತಿನ್ನಿಸಿ ಬ್ಯಾಕ್ಟೀರಿಯಾದಿಂದ ಮಾಡಿಸಿದ್ದೂ ಮಾರುಕಟ್ಟೆಯಲ್ಲಿದೆ. ತೊಂದರೆ ಏನೆಂದರೆ, ಎರಡೂ ಒಂದೇ ಅಣು, ನಂಬರೂ ಒಂದೇ. ಲೇಬಲ್ಲಿನಲ್ಲಿ 920 ಅಂತ ಓದಿದವರಿಗೆ ಮೂಲ ಗೊತ್ತಾಗುವುದಿಲ್ಲ.

ಪ್ರಮಾಣವನ್ನೂ ನೋಡೋಣ. ಅಮೆರಿಕದ ನಿಯಮದಲ್ಲಿ ಒಂದು ಕಿಲೋ ಹಿಟ್ಟಿಗೆ 90 ಮಿಲಿಗ್ರಾಂ ಮಿತಿ. 400 ಗ್ರಾಂ ಬ್ರೆಡ್ಡಿನಲ್ಲಿ ಹೆಚ್ಚುಕಡಿಮೆ 250 ಗ್ರಾಂ ಮೈದಾ ಇರುತ್ತದೆ ಅಂದುಕೊಂಡರೆ, ಮಿತಿಯವರೆಗೆ ಹಾಕಿದರೂ ಇಡೀ ಬ್ರೆಡ್ಡಿಗೆ ಸುಮಾರು 22 ಮಿಲಿಗ್ರಾಂ. ಉಪ್ಪಿನ ಒಂದು ಚಿಟಿಕೆಗಿಂತ ಎಷ್ಟೋ ಕಡಿಮೆ. ವೀಗನ್ ಆದವರಿಗೆ ಪ್ರಮಾಣ ಮುಖ್ಯವಲ್ಲ, ಅದು ನನಗೂ ಗೊತ್ತು. ಒಂದು ಪ್ಯಾಕೆಟ್ಟಿನಲ್ಲಿ ಎಷ್ಟಿದ್ದೀತು ಅನ್ನುವ ಅಂದಾಜಿಗಷ್ಟೇ ಹೇಳಿದೆ.

ಇನ್ನು ನಿಮ್ಮ ಹಸಿರು ಚುಕ್ಕೆ. ನಮ್ಮ ದೇಶದ ನಿಯಮದಲ್ಲಿ ಪ್ರಾಣಿ ಮೂಲದ ಯಾವುದೇ ಪದಾರ್ಥ ಸೇರಿದರೆ ಆ ಆಹಾರ ಮಾಂಸಾಹಾರ. ಗರಿಯಿಂದ ತೆಗೆದದ್ದೂ ಅದರಲ್ಲೇ ಬಂತು. ಇಂಥ ಅಡಿಟಿವ್‌ಗಳ ಮೂಲ ಮುಚ್ಚಿಡುತ್ತಾರೆ ಎಂಬ ದೂರು ದೆಹಲಿ ಹೈಕೋರ್ಟ್‌ವರೆಗೆ ಹೋಗಿತ್ತು. ಪ್ರಾಣಿ ಮೂಲದ ಪದಾರ್ಥ ಎಷ್ಟೇ ಚೂರು ಇದ್ದರೂ ಅದು ಮಾಂಸಾಹಾರವೇ, ಶೇಕಡಾ ಲೆಕ್ಕ ನಡೆಯುವುದಿಲ್ಲ ಎಂದು 2021ರ ಡಿಸೆಂಬರ್‌ನಲ್ಲಿ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಹಾಗಾಗಿ ಹಸಿರು ಚುಕ್ಕೆ ಹಾಕಿದ ಕಂಪನಿ ಗರಿಯ ಸಿಸ್ಟೀನ್ ಬಳಸುವಂತಿಲ್ಲ. ದನದ ಕೊಬ್ಬಿನಿಂದಲೂ ಎಣ್ಣೆಯಿಂದಲೂ ಮಾಡಬಹುದಾದ 471, 472ಇ, 481 ನಂಬರಿನ, ಎಣ್ಣೆ ನೀರನ್ನು ಬೆರೆಸಿ ಹಿಡಿದಿಡುವ ಎಮಲ್ಸಿಫೈಯರ್‌ಗಳಿಗೂ ಇದೇ ಮಾತು. ಚುಕ್ಕೆ ಹಸಿರಾಗಿದ್ದರೆ ಅವು ತಾಳೆಯಂಥ ಗಿಡದೆಣ್ಣೆಯಿಂದಲೇ ಬಂದಿರಬೇಕು. ಇದೆಲ್ಲ ಪುಡಿ ಮಾರಿದವರು ಕಂಪನಿಗೆ ಕೊಟ್ಟ ಕಾಗದದ ಮೇಲೆ ನಿಂತಿದೆ ಅನ್ನುವುದೂ ನಿಜ. ಮೂಲ ಯಾವುದಾದರೂ ಅಣು ಒಂದೇ ಆದ್ದರಿಂದ ಬ್ರೆಡ್ಡನ್ನೇ ಸಾಮಾನ್ಯ ಲ್ಯಾಬಿಗೆ ಕೊಟ್ಟು ಕಂಡುಹಿಡಿಯುವುದು ಆಗದ ಮಾತು.

481ರ ಪೂರ್ತಿ ಹೆಸರಲ್ಲಿ ‘ಲ್ಯಾಕ್ಟಿಲೇಟ್’ ಅಂತಿದೆ. ಅದನ್ನು ನೋಡಿ ಹಾಲು ಅಂತ ಹೆದರುವವರಿದ್ದಾರೆ. ಅದರಲ್ಲಿರುವ ಲ್ಯಾಕ್ಟಿಕ್ ಆಮ್ಲವನ್ನು ಸಾಮಾನ್ಯವಾಗಿ ಸಕ್ಕರೆ ಹುದುಗಿಸಿ ಮಾಡುತ್ತಾರೆ. ಹಾಲಿಗೂ ಅದಕ್ಕೂ ಸಂಬಂಧ ಇಲ್ಲ.

ಆದರೆ ಹಸಿರು ಚುಕ್ಕೆಯ ಅದೇ ನಿಯಮ ಹಾಲು ಮತ್ತು ಜೇನನ್ನು ಮಾಂಸಾಹಾರದಿಂದ ಹೊರಗಿಟ್ಟಿದೆ. ಹಾಲಿನ ಪುಡಿ, ಬೆಣ್ಣೆ ಎಷ್ಟು ಸುರಿದರೂ ಚುಕ್ಕೆ ಹಸಿರೇ. ನಿಮ್ಮ ಮಗನಿಗೆ ಆ ಚುಕ್ಕೆ ಅರ್ಧ ಕೆಲಸ ಮಾತ್ರ ಮಾಡಿಕೊಡುತ್ತದೆ. ಉಳಿದರ್ಧಕ್ಕೆ ಪ್ಯಾಕೆಟ್ ತಿರುಗಿಸಬೇಕು.

ಒಂದು ಮಾದರಿ ಲೇಬಲ್ ಓದೋಣ. ಮೈದಾ, ಸಕ್ಕರೆ, ಯೀಸ್ಟ್, ತಾಳೆಎಣ್ಣೆ, ಉಪ್ಪು, ಗೋಧಿ ಗ್ಲುಟೆನ್, ಸೋಯಾ ಹಿಟ್ಟು, ಪ್ರಿಸರ್ವೇಟಿವ್ 282, ಎಮಲ್ಸಿಫೈಯರ್ 471 ಮತ್ತು 481, ಇಂಪ್ರೂವರ್ 300 ಮತ್ತು 1100. ಇಲ್ಲಿ 282 ಬೂಸಲು ಹಿಡಿಯದಂತೆ ಹಾಕುವ ಕ್ಯಾಲ್ಸಿಯಂ ಪ್ರೊಪಿಯೊನೇಟ್, 300 ವಿಟಮಿನ್ ಸಿ. 1100 ಅಂದರೆ ಅಮೈಲೇಸ್ ಎಂಬ ಕಿಣ್ವ, ಬ್ರೆಡ್ಡಿಗೆ ಹಾಕುವುದು ಸಾಮಾನ್ಯವಾಗಿ ಶಿಲೀಂಧ್ರದಿಂದ ತೆಗೆದದ್ದು. ಇಷ್ಟರಲ್ಲಿ ಹಾಲಿಲ್ಲ. ಈ ಪಟ್ಟಿಯ ಕೊನೆಗೆ ಅಲರ್ಜಿಯ ಸಾಲು ಬರುತ್ತದೆ, ಅದನ್ನು ಬಿಡಬೇಡಿ. ‘ಗೋಧಿ, ಸೋಯಾ ಇದೆ’ ಅಂತ ಮಾತ್ರ ಇದ್ದರೆ ಮಗನಿಗೆ ಕೊಡಬಹುದು. ‘ಹಾಲು ಇದೆ’ ಅಂತಿದ್ದರೆ ಮೇಲಿನ ಪಟ್ಟಿಯಲ್ಲಿ ಎಲ್ಲೋ ಹಾಲಿನ ಘನಾಂಶವೋ ವೇ ಪುಡಿಯೋ ಇದೆ, ಮತ್ತೊಮ್ಮೆ ಓದಿ. ‘ಹಾಲು ಇರಬಹುದು’ ಅಂದರೆ ಬೇರೆ ಕತೆ. ಅದೇ ಯಂತ್ರದಲ್ಲಿ ಮಿಲ್ಕ್ ಬ್ರೆಡ್ ಕೂಡ ಮಾಡುತ್ತಾರೆ, ಚೂರು ತಾಗಿರಬಹುದು ಎಂಬ ಎಚ್ಚರಿಕೆ ಅಷ್ಟೇ. ಅಲರ್ಜಿ ಇದ್ದವರಿಗೆ ಇದು ದೊಡ್ಡ ವಿಷಯ. ವೀಗನ್ ಆದವರಲ್ಲಿ ಬಹಳ ಜನ ಅದನ್ನು ತಿನ್ನುತ್ತಾರೆ, ಮಗನನ್ನೇ ಕೇಳಿ.

2022ರ ವೀಗನ್ ಆಹಾರ ನಿಯಮದ ಪ್ರಕಾರ ‘ವಿ’ ಅಕ್ಷರದ ಹಸಿರು ಲಾಂಛನವೂ ಬಂದಿದೆ. ಅದು ಸಿಕ್ಕರೆ ಲೇಬಲ್ ಓದುವ ಕೆಲಸವೇ ಇಲ್ಲ. ಆದರೆ ವೀಗನ್ ಅಂತ ಹೇಳಿಕೊಂಡು ಮಾರುವವರಿಗೆ ಮಾತ್ರ ಆ ನಿಯಮ. ಲಾಂಛನ ಇಲ್ಲ ಅಂದ ಮಾತ್ರಕ್ಕೆ ಬ್ರೆಡ್ ವೀಗನ್ ಅಲ್ಲ ಅಂತ ಆಗುವುದಿಲ್ಲ.

ಇನ್ನು ಪೇಟೆಯ ಬೇಕರಿ. ಕಾಗದದಲ್ಲಿ ಸುತ್ತಿ ಕೊಡುವ ಬ್ರೆಡ್ಡಿಗೆ, ಕಾರವಾರದ ಕಡೆ ಬೆಳಿಗ್ಗೆ ಬರುವ ಪಾವಿಗೆ ಓದಲು ಲೇಬಲ್ಲೇ ಇಲ್ಲ. ಪಾವಿನ ಮೂಲ ಲೆಕ್ಕ ತೀರಾ ಸರಳ: ಮೈದಾ, ನೀರು, ಯೀಸ್ಟ್, ಉಪ್ಪು, ಸ್ವಲ್ಪ ಸಕ್ಕರೆ, ಎಣ್ಣೆ. ಬಾಯಿ ಬಿಟ್ಟು ಕೇಳಿದರೆ ಬೇಕರಿಯವರು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ‘ವೀಗನ್ನಾ?’ ಅಂತ ಕೇಳಬೇಡಿ. ‘ಹೌದು, ಮೊಟ್ಟೆ ಹಾಕಲ್ಲ’ ಅನ್ನುವ ಉತ್ತರ ಬರುತ್ತದೆ. ಹಿಟ್ಟು ಕಲಸುವಾಗ ಹಾಲಿನ ಪುಡಿ ಹಾಕ್ತೀರಾ ಅಂತ ಕೇಳಿ. ಬೇಯಿಸಿ ತೆಗೆದ ಮೇಲೆ ಬೆಣ್ಣೆ ಸವರ್ತೀರಾ ಅಂತಲೂ ಕೇಳಿ. ಬನ್ನಿನ ಮೇಲೆ ಕಂದು ಹೊಳಪಿದ್ದರೆ ಹಾಲು ಅಥವಾ ಮೊಟ್ಟೆ ಸವರಿರುವ ಸಾಧ್ಯತೆ ಜಾಸ್ತಿ. ಸವರಿದ್ದು ಕತ್ತರಿಸಿದ ಹೋಳಿನ ಒಳಗೆ ಕಾಣುವುದಿಲ್ಲ, ಮೇಲಿನ ಸಿಪ್ಪೆಯಲ್ಲಿ ಮಾತ್ರ.

920ರಂಥವು ಬೇಕರಿ ಬ್ರೆಡ್ಡಿಗೆ ಬರುವುದಿದ್ದರೆ ಹಿಟ್ಟು ಹದ ಮಾಡುವ ಇಂಪ್ರೂವರ್ ಪುಡಿಯ ಮೂಲಕ. ಬೇಕರಿಯವರು ಅದನ್ನು ಚೀಲದಲ್ಲಿ ತರಿಸುತ್ತಾರೆ. 50 ಕಿಲೋ ಮೈದಾಕ್ಕೆ ಕೆಲವು ನೂರು ಗ್ರಾಂ ಸಾಕಾಗುತ್ತದೆ, ಹಾಗಾಗಿ ಒಂದು ಚೀಲ ಬಹಳ ದಿನ ಅಲ್ಲೇ ಇರುತ್ತದೆ. ಅಂಗಡಿಯಲ್ಲಿ ಗಿರಾಕಿಗಳು ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಹೋಗಿ ಆ ಚೀಲ ತೋರಿಸಿ ಅನ್ನಿ. ಅದರ ಮೇಲೂ ಸಾಮಾನ್ಯವಾಗಿ ಪದಾರ್ಥಗಳ ಪಟ್ಟಿ, ಚುಕ್ಕೆ ಎಲ್ಲ ಇರುತ್ತದೆ. ಫೋಟೋ ತೆಗೆದು ಮಗನಿಗೆ ಕಳಿಸಿಬಿಡಿ.