ಫೆಬ್ರವರಿ 12ರ ಆಚೆಗೆ ಕಾಯಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು. ನಾನು ನಿವೃತ್ತ ಶಿಕ್ಷಕ, ಪಿಂಚಣಿ ವರ್ಷಕ್ಕೆ ಆರು ಲಕ್ಷ ರೂಪಾಯಿ. ಈ ಆರ್ಥಿಕ ವರ್ಷದಲ್ಲಿ ಏಳು ತಿಂಗಳು ಇಟ್ಟುಕೊಂಡಿದ್ದ ಷೇರು ಮಾರಿದ್ದರಿಂದ 1,20,000 ರೂ., ಹಳೆಯ ಷೇರು ಮಾರಿದ್ದರಿಂದ 90,000 ರೂ. ಲಾಭ ಬಂದಿದೆ. ಇನ್ನೊಂದು ಕಂಪನಿಯ 400 ಷೇರುಗಳು ನಷ್ಟದಲ್ಲಿವೆ. ಅವುಗಳಲ್ಲಿ 200ನ್ನು 2025ರ ಫೆಬ್ರವರಿ 12ರಂದು 900 ರೂ.ಗಳಂತೆ, 200ನ್ನು ಸೆಪ್ಟೆಂಬರ್ 9ರಂದು 800 ರೂ.ಗಳಂತೆ ಕೊಂಡಿದ್ದೆ, ಈಗಿನ ಬೆಲೆ 600. ಮಾರಿ ಮತ್ತೆ ಕೊಂಡರೆ ತೆರಿಗೆ ಉಳಿಯುತ್ತದೆ ಎಂದು ಮಗ ಹೇಳುತ್ತಾನೆ. ಮಾರುವವರೆಗೆ ನಷ್ಟವೇ ಅಲ್ಲ ಎಂಬುದು ನನ್ನ ನಂಬಿಕೆ. ಮಾರಲೇಬೇಕಾದರೆ ಮಾರ್ಚ್ ಕೊನೆಗೆ ನೋಡಿದರಾಗದೇ?
— ಓರ್ವ ಓದುಗ, ಬೆಟಗೇರಿ, ಗದಗ (ಡಿಸೆಂಬರ್ 2025)

ಮಾನ್ಯ ಮಾಸ್ತರರೇ,

ಖರೀದಿಯ ದಿನಾಂಕಗಳನ್ನು ಇಷ್ಟು ಅಚ್ಚುಕಟ್ಟಾಗಿ ಬರೆದು ಕಳಿಸುವವರು ಅಪರೂಪ. ನಿಮ್ಮ ಪ್ರಶ್ನೆಗೆ ಉತ್ತರವೂ ಆ ದಿನಾಂಕಗಳಲ್ಲಿಯೇ ಇದೆ. ಒಳ್ಳೆಯ ಕಂಪನಿಯ ಷೇರನ್ನು ಬೆಲೆ ಇಳಿಯಿತೆಂಬ ಒಂದೇ ಕಾರಣಕ್ಕೆ ಬಿಟ್ಟುಕೊಡಬಾರದು ಎಂಬ ಮಟ್ಟಿಗೆ ನಿಮ್ಮ ನಂಬಿಕೆ ಸರಿಯಾದುದೇ. ಆದರೆ ತೆರಿಗೆಯ ಲೆಕ್ಕದಲ್ಲಿ ನಾನು ನಿಮ್ಮ ಮಗನ ಪಕ್ಷ, ಅದರಲ್ಲೂ ಮಾರ್ಚ್‌ವರೆಗೆ ಕಾಯುವ ವಿಚಾರವನ್ನು ನಾನು ಒಪ್ಪಲಾರೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಹನ್ನೆರಡು ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂಬ ಮಾತು ಈ ವರ್ಷ ಗದಗಿನಿಂದ ಧಾರವಾಡದವರೆಗೆ ಎಲ್ಲರ ಬಾಯಲ್ಲೂ ಇದೆ. ಹೊಸ ಪದ್ಧತಿಯ ಆ ರಿಯಾಯಿತಿ ನಿಮ್ಮ ಪಿಂಚಣಿಗೆ ದೊರೆಯುತ್ತದೆ, ಷೇರಿನ ಅಲ್ಪಾವಧಿ ಲಾಭಕ್ಕೆ ದೊರೆಯುವುದಿಲ್ಲ. ಹನ್ನೆರಡು ತಿಂಗಳು ಮೀರದೆ ಮಾರಿದ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ಶೇಕಡಾ 20ರ ಪ್ರತ್ಯೇಕ ದರವಿದೆ, ಅದರ ಮೇಲೆ ಶೇಕಡಾ 4ರ ಸೆಸ್ ಇದೆ. ನಾಲ್ಕು ಲಕ್ಷದ ಮೂಲ ವಿನಾಯಿತಿಯನ್ನು ನಿಮ್ಮ ಪಿಂಚಣಿಯೇ ತುಂಬಿಬಿಡುವುದರಿಂದ, ಆ 1,20,000 ರೂ. ಲಾಭದ ಮೇಲೆ ನೀವು 24,000 ರೂ. ತೆರಿಗೆಯನ್ನೂ 960 ರೂ. ಸೆಸ್ಸನ್ನೂ ಕಟ್ಟಬೇಕಾಗುತ್ತದೆ. ಹಳೆಯ ಷೇರಿನ 90,000 ರೂ. ಲಾಭ ಮಾತ್ರ ದೀರ್ಘಾವಧಿಯದು. ಅಂಥ ಲಾಭ ವರ್ಷಕ್ಕೆ 1,25,000 ರೂ. ದಾಟಿದರೆ ಮಾತ್ರ ಶೇಕಡಾ 12.5ರ ತೆರಿಗೆ ಇರುವುದರಿಂದ, ಅದರ ಮೇಲೆ ನೀವು ಏನನ್ನೂ ಕಟ್ಟಬೇಕಾಗಿಲ್ಲ.

ಈಗ ನಷ್ಟದ ಷೇರುಗಳಿಗೆ ಬರೋಣ. ಫೆಬ್ರವರಿಯ ಖರೀದಿಯಲ್ಲಿ ಷೇರಿಗೆ 300ರಂತೆ 60,000 ರೂ., ಸೆಪ್ಟೆಂಬರಿನ ಖರೀದಿಯಲ್ಲಿ 200ರಂತೆ 40,000 ರೂ., ಒಟ್ಟು ಒಂದು ಲಕ್ಷ ರೂಪಾಯಿ ನಷ್ಟವಿದೆ. ಇವತ್ತು 400 ಷೇರುಗಳನ್ನೂ ಮಾರಿದರೆ ಎರಡೂ ಖರೀದಿಗಳಿಗೆ ಹನ್ನೆರಡು ತಿಂಗಳು ತುಂಬಿಲ್ಲವಾದ್ದರಿಂದ ಪೂರ್ತಿ ನಷ್ಟ ಅಲ್ಪಾವಧಿಯದಾಗುತ್ತದೆ. ಅದನ್ನು 1,20,000 ರೂ. ಅಲ್ಪಾವಧಿ ಲಾಭದಿಂದ ಕಳೆದರೆ ಉಳಿಯುವುದು 20,000 ರೂ., ಅದರ ತೆರಿಗೆ ಸೆಸ್ ಸೇರಿ 4,160 ರೂ. ಅಂದರೆ ನಿಮಗೆ 20,800 ರೂ. ಉಳಿಯಿತು.

ಇದನ್ನೇ ಮಾರ್ಚ್ ಕೊನೆಯ ವಾರ ಮಾಡಿದರೆ ಏನಾಗುತ್ತದೆ ನೋಡಿ. ಅಷ್ಟರಲ್ಲಿ ಫೆಬ್ರವರಿಯ ಖರೀದಿಗೆ ವರ್ಷ ದಾಟಿರುತ್ತದೆ, ಅದರ 60,000 ರೂ. ನಷ್ಟ ದೀರ್ಘಾವಧಿಯದಾಗಿರುತ್ತದೆ. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭಗಳಿಂದ ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಿಂದ ಮಾತ್ರ ಕಳೆಯಬೇಕು. ಆಗ ನಿಮ್ಮ 60,000 ರೂ. ನಷ್ಟ ಹೋಗಿ ಕೂಡುವುದು ಹೇಗೂ ತೆರಿಗೆಯಿಲ್ಲದ ಆ 90,000 ರೂ. ಲಾಭದ ಮೇಲೆ. 1,25,000ದ ವಿನಾಯಿತಿಯನ್ನು ಮೊದಲು ಬಳಸಿಕೊಂಡು ನಷ್ಟವನ್ನು ಮುಂದಿನ ವರ್ಷಕ್ಕೆ ಕಾಯ್ದಿಡುತ್ತೇನೆ ಎನ್ನಲು ಕಾನೂನಿನಲ್ಲಿ ಅವಕಾಶವಿಲ್ಲ. ಅದೇ ವರ್ಷದ ನಷ್ಟವನ್ನು ಕಳೆದ ಮೇಲೆಯೇ ವಿನಾಯಿತಿಯ ಲೆಕ್ಕ. ಹೀಗಾಗಿ ಉಪಯೋಗಕ್ಕೆ ಬರುವುದು ಸೆಪ್ಟೆಂಬರಿನ 40,000 ಮಾತ್ರ, ಉಳಿಯುವ ತೆರಿಗೆ ಬರೀ 8,320 ರೂ. ಆರೇಳು ವಾರ ತಡಮಾಡಿದ್ದಕ್ಕೆ 12,480 ರೂ. ಕೈಬಿಟ್ಟಂತಾಯಿತು.

ಹಾಗಾದರೆ ಮಾರ್ಚ್‌ನಲ್ಲಿ ಸೆಪ್ಟೆಂಬರಿನ 200 ಷೇರುಗಳನ್ನಷ್ಟೇ ಮಾರಿದರಾಯಿತಲ್ಲ ಎಂದು ನೀವು ಕೇಳಬಹುದು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕೋಲ್ಡ್ ಸ್ಟೋರೇಜಿನಿಂದ ತನಗೆ ಬೇಕಾದ ಚೀಲವನ್ನು ಆರಿಸಿ ಹೊರತೆಗೆಸಬಲ್ಲ. ಡಿಮ್ಯಾಟ್ ಖಾತೆಯ ಷೇರುಗಳಿಗೆ ಆ ಸ್ವಾತಂತ್ರ್ಯವಿಲ್ಲ. ಮೊದಲು ಒಳಗೆ ಬಂದದ್ದೇ ಮೊದಲು ಹೊರಗೆ ಹೋಯಿತೆಂದು ತೆರಿಗೆ ಇಲಾಖೆ ಲೆಕ್ಕ ಹಿಡಿಯುತ್ತದೆ. ಮಾರ್ಚ್‌ನಲ್ಲಿ 200 ಮಾರಿದರೆ ಹೋಗುವುದು ಫೆಬ್ರವರಿಯ 200, ಆಗ ನಿಮ್ಮ ತೆರಿಗೆ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಮತ್ತೆ ಕೊಳ್ಳುವ ವಿಷಯದಲ್ಲಿ ನನ್ನ ಅನುಭವವನ್ನೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ದಲ್ಲಾಳಿ ಕಚೇರಿಯಲ್ಲಿ, ಬೆಳಿಗ್ಗೆ ಮಾರಿ ಮಧ್ಯಾಹ್ನ ಕೊಂಡುಬಿಡಿ, ಬೆಲೆ ಏರುವ ಭಯವಿರುವುದಿಲ್ಲ ಎಂದು ಹೇಳಿದರು. ನಾನು ಹಾಗೆಯೇ ಮಾಡಿದೆ. ಒಂದೇ ದಿನ, ಒಂದೇ ವಿನಿಮಯ ಕೇಂದ್ರದಲ್ಲಿ ಮಾರಿ ಕೊಂಡರೆ ಎರಡೂ ವ್ಯವಹಾರಗಳು ಪರಸ್ಪರ ವಜಾ ಆಗಿ ಅದು ದಿನದ ಸಟ್ಟಾ ಎನಿಸಿಕೊಳ್ಳುತ್ತದೆ, ಹಳೆಯ ಷೇರುಗಳು ಖಾತೆಯಲ್ಲಿ ಇದ್ದಲ್ಲಿಯೇ ಇರುತ್ತವೆ. ನನ್ನ ಬಂಡವಾಳ ನಷ್ಟ ದಾಖಲಾಗಲೇ ಇಲ್ಲ ಎಂಬುದು ರಿಟರ್ನ್ ಸಲ್ಲಿಸಲು ಕುಳಿತಾಗಲೇ ತಿಳಿದದ್ದು, ಅಷ್ಟರಲ್ಲಿ ಮಾರ್ಚ್ 31 ದಾಟಿತ್ತು. ಆದ್ದರಿಂದ ನೀವು ಮಾರಿದ ಮೇಲೆ ಡಿಮ್ಯಾಟ್ ಖಾತೆಯಿಂದ 400 ಷೇರುಗಳು ಹೊರಹೋದದ್ದನ್ನು ಸ್ಟೇಟ್‌ಮೆಂಟಿನಲ್ಲಿ ಕಣ್ಣಾರೆ ನೋಡಿ, ಆಮೇಲೆ ಕೊಳ್ಳಿ. ಅಮೆರಿಕದಲ್ಲಿ 30 ದಿನಗಳೊಳಗೆ ಮರಳಿ ಕೊಂಡರೆ ಆ ನಷ್ಟವನ್ನು ಆಗಲೇ ಕಳೆಯಲು ಬಿಡುವುದಿಲ್ಲ. ನಮ್ಮಲ್ಲಿ ಷೇರುಗಳಿಗೆ ಅಂಥ ದಿನಗಳ ನಿರ್ಬಂಧವಿಲ್ಲ. ನಡುವಿನ ಒಂದೆರಡು ದಿನ ಬೆಲೆ ಏರಬಹುದೆಂಬ ಅಪಾಯವನ್ನು ಒಪ್ಪಿಕೊಳ್ಳಲೇಬೇಕು. ಮಾರಾಟಕ್ಕೂ ಖರೀದಿಗೂ ತಲಾ ಸುಮಾರು 240 ರೂ. ವಹಿವಾಟು ತೆರಿಗೆ ಬೀಳುತ್ತದೆ, ದಲ್ಲಾಳಿ ಶುಲ್ಕ ಬೇರೆ.

ಇದರಲ್ಲಿ ಮೋಸವೇನೂ ಇಲ್ಲ, ತೆರಿಗೆ ಪೂರ್ತಿ ಮಾಯವಾಗುವುದೂ ಇಲ್ಲ. ನಿಮ್ಮ ಹೊಸ ಖರೀದಿ ಬೆಲೆ 600 ಆಗುತ್ತದೆ, ಹನ್ನೆರಡು ತಿಂಗಳ ಎಣಿಕೆಯೂ ಹೊಸದಾಗಿ ಶುರುವಾಗುತ್ತದೆ. ಮುಂದೆ ಬೆಲೆ 900ಕ್ಕೆ ಮರಳಿದರೆ ಲಾಭ 1,20,000 ರೂ. ವರ್ಷ ಕಳೆದ ಮೇಲೆ ಮಾರಿದರೆ, ಆ ವರ್ಷ ಬೇರೆ ದೀರ್ಘಾವಧಿ ಲಾಭವಿಲ್ಲದಿದ್ದಲ್ಲಿ, ಅದು ವಿನಾಯಿತಿಯೊಳಗೇ ಇರುತ್ತದೆ. ವರ್ಷದೊಳಗೆ ಮಾರಿದರೆ ಈಗ ಉಳಿಸಿದ ಶೇಕಡಾ 20ನ್ನು ಆಗ ಕಟ್ಟಬೇಕಾಗುತ್ತದೆ.

ನಿಮ್ಮ ನಂಬಿಕೆ ಎಲ್ಲಿಂದ ಬಂದಿತೆಂಬುದನ್ನು ನಾನು ಊಹಿಸಬಲ್ಲೆ. 2004ರ ಅಕ್ಟೋಬರಿನಿಂದ 2018ರ ಮಾರ್ಚ್‌ವರೆಗೆ ಷೇರು ಮಾರುಕಟ್ಟೆಯಲ್ಲಿ ಮಾರಿದ ಷೇರುಗಳ ದೀರ್ಘಾವಧಿ ಲಾಭಕ್ಕೆ ತೆರಿಗೆಯಿರಲಿಲ್ಲ, ದೀರ್ಘಾವಧಿ ನಷ್ಟಕ್ಕೂ ಬೆಲೆಯಿರಲಿಲ್ಲ. ಆಗ ನಷ್ಟದ ಷೇರನ್ನು ಸುಮ್ಮನೆ ಇಟ್ಟುಕೊಂಡವರು ತೆರಿಗೆಯ ದೃಷ್ಟಿಯಿಂದ ಕಳೆದುಕೊಂಡದ್ದು ಕಡಿಮೆ. ಕಾನೂನು ಬದಲಾಯಿತು, ಬದಲಾದದ್ದನ್ನು ನಮ್ಮ ಭಾಷೆಯಲ್ಲಿ ಕೂಡಿಸಿ ಹೇಳುವವರು ಮುಂದೆ ಬರಲಿಲ್ಲ ಎಂಬುದೇ ನನ್ನ ದೊಡ್ಡ ಕೊರಗು. ಖಾತೆ ತೆರೆಯಿರಿ ಎಂದು ನಮ್ಮೊಡನೆ ಕನ್ನಡದಲ್ಲಿ ಮಾತಾಡುವವರು ಕಾಂಟ್ರಾಕ್ಟ್ ನೋಟನ್ನೂ ವರ್ಷಾಂತ್ಯದ ಲಾಭನಷ್ಟದ ಪಟ್ಟಿಯನ್ನೂ ಇಂಗ್ಲಿಷಿನಲ್ಲಿ ಕಳಿಸುತ್ತಾರೆ. ಯಾವ ಖರೀದಿಗೆ ಎಂದು ವರ್ಷ ತುಂಬುತ್ತದೆ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿದ್ದರೆ, ಬೆಟಗೇರಿಯ ನೇಕಾರನಿಗೂ ಹಾವೇರಿಯ ಅಂಗಡಿಕಾರನಿಗೂ ಮಾರ್ಚ್‌ನ ಗಡಿಬಿಡಿ ತಪ್ಪುತ್ತಿತ್ತು.

ನೀವು ಜನವರಿ ಮುಗಿಯುವುದರೊಳಗೆ 400 ಷೇರುಗಳನ್ನೂ ಮಾರಿರಿ. ಫೆಬ್ರವರಿ 12ರ ಅಂಚಿನವರೆಗೆ ಎಳೆಯಬೇಡಿ, ಬೆಲೆ ಆಗ 600ರಲ್ಲಿಯೇ ಇರುತ್ತದೆಂಬ ಭರವಸೆಯಿಲ್ಲ. ಅಲ್ಪಾವಧಿ ಲಾಭ ಇರುವುದರಿಂದ ಐಟಿಆರ್-2 ನಮೂನೆಯನ್ನೇ ತುಂಬಬೇಕು. ಮುಂದೆ ಯಾವುದಾದರೂ ವರ್ಷ ಲಾಭಕ್ಕಿಂತ ನಷ್ಟವೇ ಹೆಚ್ಚಾದರೆ ಉಳಿದ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನನ್ನು ಕೊನೆಯ ದಿನಾಂಕದೊಳಗೆ ಸಲ್ಲಿಸಿದವರಿಗೆ ಮಾತ್ರ. ಮರುಖರೀದಿಯ ದಿನಾಂಕವನ್ನು ಆ ಹಳೆಯ ದಿನಾಂಕಗಳ ಕೆಳಗೆ ಅದೇ ಅಚ್ಚುಕಟ್ಟಿನಿಂದ ಬರೆದಿಡಿ.

— ಸಂಪಾದಕ