ನಾಗರಭಾವಿಯ ಮನೆ ಬಾಡಿಗೆಗೆ: ಯಾವ ಪೋರ್ಟಲ್‌ಗೆ ದುಡ್ಡು ಕಟ್ಟಲಿ?

ಪ್ರಶ್ನೆ: ನಾನಿರೋದು ಮೈಸೂರು. ಬೆಂಗಳೂರು ನಾಗರಭಾವಿಯಲ್ಲಿ ನಮ್ಮ ಮನೆಯ ಮೊದಲನೇ ಮಹಡಿ (2 ಬಿಎಚ್‌ಕೆ) ಖಾಲಿಯಾಗಿದೆ. ನೋಬ್ರೋಕರ್, ಮ್ಯಾಜಿಕ್‌ಬ್ರಿಕ್ಸ್, 99ಏಕರ್ಸ್ ಇವುಗಳಲ್ಲಿ ಯಾವುದರ ಪೇಯ್ಡ್ ಪ್ಲಾನ್ ತಗೊಂಡ್ರೆ ಒಳ್ಳೇದು? ಬ್ರೋಕರ್‌ಗಳಿಗೂ ಹೇಳಿ, ಫೇಸ್‌ಬುಕ್ ಗ್ರೂಪಲ್ಲೂ ಹಾಕಿಬಿಟ್ರೆ ಬೇಗ ಹೋಗುತ್ತೆ ಅಲ್ವಾ?

ಉತ್ತರ: ಹೋಗಲ್ಲ. ಎಲ್ಲಾ ಕಡೆ ಹಾಕಿ ನೋಡಿದವಳು ನಾನು.

ನಾವು ಹಾಸನದಲ್ಲಿದ್ದೇವೆ, ಫ್ಲಾಟ್ ಕೆಂಗೇರಿ ಉಪನಗರದಲ್ಲಿದೆ. ಇದ್ದವರು ಜೂನ್ ಕೊನೆಗೆ ಬಿಟ್ಟರು. ಮೆಟ್ರೊಗೆ ನಡೆದುಕೊಂಡು ಹೋಗುವಷ್ಟು ಹತ್ತಿರ, ಕಾವೇರಿ ನೀರಿದೆ, ಲಿಫ್ಟ್ ಇದೆ, ಇದಕ್ಕೆ ಜನ ಸಾಲು ನಿಲ್ಲುತ್ತಾರೆ ಅಂದುಕೊಂಡಿದ್ದೆ. ಆ ಕಟ್ಟಡದಲ್ಲಿ ಆಗ ನಡೆಯುತ್ತಿದ್ದ ಬಾಡಿಗೆ 24,000. ಒಂದು ಪೋರ್ಟಲ್‌ನವರು ಫೋನ್ ಮಾಡಿ, ಪ್ಲಾನ್ ತಗೊಂಡರೆ ನಿಮ್ಮ ಮನೆ ಮೇಲೇ ಕಾಣಿಸುತ್ತೆ, ಕರೆಗಳನ್ನೂ ನಾವೇ ನೋಡಿಕೊಳ್ತೀವಿ ಅಂದರು. ಕಟ್ಟಿದೆ. ಹೇಗೂ ಚೌಕಾಸಿ ಮಾಡ್ತಾರೆ ಅಂತ ಅಲ್ಲಿ 26,000 ಹಾಕಿಸಿದೆ. ಆ ಏರಿಯಾದ ಮೂರ್ನಾಲ್ಕು ಬ್ರೋಕರ್‌ಗಳಿಗೆ 24,000 ಅಂತ ಹೇಳಿದೆ. ಅಕ್ಕನ ಮಗಳು ಫೇಸ್‌ಬುಕ್ ಗ್ರೂಪಿನಲ್ಲಿ 25,000, ಮಾತಾಡಬಹುದು ಅಂತ ಬರೆದಳು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ನಮ್ಮ ಯಜಮಾನರು ಮೇಂಟೆನೆನ್ಸ್ ಸೇರಿ 25,000 ಅಂತ ಹಾಕಿದರು. ಬೀಗದ ಕೈ ಸೆಕ್ಯುರಿಟಿ ಹತ್ತಿರ, ಯಾರು ಕೇಳಿದರೂ ಕೊಡಿ ಅಂತ ಹೇಳಿಟ್ಟಿದ್ದೆವು.

ನನಗೆ ಪೆಟ್ಟು ಕೊಟ್ಟಿದ್ದು ಹೀಗೆ ಎಲ್ಲಾ ಕಡೆ ಒಂದೊಂದು ಬೆಲೆಗೆ ಹಾಕಿದ್ದು, ಪ್ಲಾನಿಗೆ ಕಟ್ಟಿದ ದುಡ್ಡಲ್ಲ. ಸ್ವಲ್ಪ ಉದ್ದ ಆದರೂ ಬಿಡಿಸಿ ಹೇಳ್ತೀನಿ, ಯಾಕೆಂದರೆ ನೀವೂ ಇದನ್ನೇ ಮಾಡಲು ಹೊರಟಿದ್ದೀರಿ.

ಮನೆ ಹುಡುಕುವವರು ಒಂದೇ ಕಡೆ ನೋಡಲ್ಲ. ಪೋರ್ಟಲ್ ನೋಡ್ತಾರೆ, ಗ್ರೂಪ್ ನೋಡ್ತಾರೆ, ಭಾನುವಾರ ಬ್ರೋಕರ್ ಜತೆ ಸುತ್ತುತ್ತಾರೆ. ಅದೇ ಅಡುಗೆಮನೆಯ ಫೋಟೋ ಮೂರು ಕಡೆ ಮೂರು ರೇಟಿನಲ್ಲಿ ಕಂಡರೆ ಅತಿ ಕಡಿಮೆಯದನ್ನು ಹಿಡಿದುಕೊಂಡು ಅಲ್ಲಿಂದ ಕೆಳಗೆ ಮಾತು ಶುರುಮಾಡ್ತಾರೆ. ಇನ್ನು ಕೆಲವರು ಮಾತೇ ಆಡಲ್ಲ. ಇಷ್ಟು ಕಡೆ ಹಾಕಿದ್ದಾರೆ, ಆದರೂ ಹೋಗಿಲ್ಲ ಅಂದರೆ ಏನೋ ಇದೆ ಅಂತ ಬಿಟ್ಟುಬಿಡ್ತಾರೆ. ಬೆಂಗಳೂರಲ್ಲಿ ಆ ‘ಏನೋ’ ಅಂದರೆ ಸಾಮಾನ್ಯವಾಗಿ ನೀರು. 2024ರ ಬೇಸಿಗೆಯ ನಂತರವಂತೂ ನಮಗೆ ಬಂದ ಫೋನುಗಳಲ್ಲಿ ಮೊದಲ ಪ್ರಶ್ನೆ ‘ಕಾವೇರಿನಾ, ಬೋರಾ, ಟ್ಯಾಂಕರ್ರಾ?’ ಅನ್ನುವುದೇ. ನಾವು ಯಾವ ಜಾಹೀರಾತಿನಲ್ಲೂ ನೀರಿನ ಬಗ್ಗೆ ಒಂದು ಸಾಲು ಬರೆದಿರಲಿಲ್ಲ.

ಬ್ರೋಕರ್‌ಗಳ ಕಥೆ ಬೇರೆ. ಅವರಿಗೆ ಕರಾರು ಆದರೆ ಮಾತ್ರ ಕಾಸು. ಒಬ್ಬರು ಬಿಸಿಲಲ್ಲಿ ಪಾರ್ಟಿ ಕರೆದುಕೊಂಡು ಬಂದು ಮನೆ ತೋರಿಸಿದರು. ಆ ಪಾರ್ಟಿ ಮನೆಗೆ ಹೋಗಿ ಗ್ರೂಪಿನಲ್ಲಿ ಇದೇ ಫ್ಲಾಟ್ ನೋಡಿ, ಕಮಿಷನ್ ಉಳಿಯಲಿ ಅಂತ ನನಗೇ ನೇರ ಫೋನ್ ಮಾಡಿದರು. ಆ ವ್ಯವಹಾರ ಆಗಲಿಲ್ಲ, ಆದರೆ ವಿಷಯ ಬ್ರೋಕರ್ ಕಿವಿಗೆ ಬಿತ್ತು. ‘ಮೇಡಂ, ನೀವು ಎಲ್ಲರಿಗೂ ಕೊಟ್ಟಿದ್ದೀರಿ, ನಾನ್ಯಾಕೆ ಪೆಟ್ರೋಲ್ ಸುಡಲಿ?’ ಅಂದರು. ತಪ್ಪು ಅನ್ನಲಾಗಲಿಲ್ಲ. ಉಳಿದವರೂ ನಮ್ಮ ಫ್ಲಾಟನ್ನು, ಬೇರೆ ಮನೆ ಒಪ್ಪಿಸಲು ಮೊದಲು ತೋರಿಸುವ ಮನೆಯಾಗಿ ಬಳಸಿಕೊಂಡರು. ಬೆಲೆ ಹೆಚ್ಚು, ಕಸ ಗುಡಿಸಿಲ್ಲ ಅಂತ ತೋರಿಸಿ, ಆಮೇಲೆ ತಮ್ಮ ಕೈಯಲ್ಲಿ ಗಟ್ಟಿಯಾಗಿದ್ದ ಮನೆಗೆ ಕರೆದೊಯ್ಯುವುದು.

ಪೇಯ್ಡ್ ಪ್ಲಾನಿನಿಂದ ಫೋನಿಗೇನೂ ಬರ ಇರಲಿಲ್ಲ. ಆದರೆ ‘ಫ್ಯಾಮಿಲಿ ಇದ್ದಾರೆ, ಮನೆ ನೋಡಬಹುದಾ’ ಅಂತ ಕೇಳಿದ ಎಷ್ಟೋ ಜನ ಎರಡನೇ ಮಾತಿಗೆ ‘ನಮ್ಮ ಹತ್ರ ಪಾರ್ಟಿ ಇದೆ’ ಅನ್ನುವ ಬ್ರೋಕರ್‌ಗಳಾಗಿರುತ್ತಿದ್ದರು. ನಮ್ಮ ಫೋಟೋಗಳನ್ನೇ ಎತ್ತಿಕೊಂಡು ಬೇರೆ ಸೈಟುಗಳಲ್ಲಿ ತಮ್ಮ ನಂಬರ್ ಹಾಕಿದವರೂ ಇದ್ದರು. ಕೊನೆಗೆ ಒಬ್ಬ ಹುಡುಗ ಬ್ಯಾಗ್ ಸಮೇತ ಗೇಟಿಗೆ ಬಂದು, ಟೋಕನ್ ಅಡ್ವಾನ್ಸ್ ಕೊಟ್ಟಿದ್ದೀನಿ, ಕೀ ಕೊಡಿ ಅಂತ ನಿಂತ. ನಮ್ಮ ಫ್ಲಾಟಿನ ಫೋಟೋ ತೋರಿಸಿ ಯಾರೋ ಅವನ ಹತ್ತಿರ ದುಡ್ಡು ಹಾಕಿಸಿಕೊಂಡಿದ್ದರು. ಈಗ ನಾನು ಫೋಟೋದ ಮಧ್ಯದಲ್ಲೇ ಫೋನ್ ನಂಬರ್ ಅಚ್ಚು ಹಾಕದೆ ಒಂದನ್ನೂ ಕಳಿಸಲ್ಲ. ಮನೆ ನಂಬರ್ ಕಾಣುವ ಬಾಗಿಲಿನ ಫೋಟೋ ಅಂತೂ ಇಲ್ಲವೇ ಇಲ್ಲ.

ಇದರ ಮೇಲೆ ಆಷಾಢ. ಸಂಸಾರಸ್ಥರು ಬಂದು, ಮನೆ ಚೆನ್ನಾಗಿದೆ, ಶ್ರಾವಣ ಬರಲಿ ನೋಡೋಣ ಅಂತ ಹೋಗುತ್ತಿದ್ದರು. ಹಾಲು ಉಕ್ಕಿಸಿ ಒಳಗೆ ಬರುವ ಬಾಡಿಗೆದಾರರನ್ನು ಆಷಾಢದಲ್ಲಿ ಎಳೆತರಲು ಯಾವ ಪ್ಲಾನಿಗೂ ಆಗಲ್ಲ. ಆ ತಿಂಗಳು ಮನೆ ಬದಲಿಸುವವರು ಹೆಚ್ಚಾಗಿ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬ್ಯಾಚುಲರ್‌ಗಳಿಗೆ ಕೊಡಬಾರದು ಅಂತ ಕಟ್ಟಳೆ. ಅಂದರೆ ನಾನು ದುಡ್ಡು ಕಟ್ಟಿ ಕರೆಸುತ್ತಿದ್ದದ್ದು ನಾನೇ ಬೇಡ ಅನ್ನಬೇಕಾದ ಜನರನ್ನು.

ಇನ್ನು ಲೆಕ್ಕ. 24,000 ಬಾಡಿಗೆಯ ಮನೆ ಖಾಲಿ ಇದ್ದರೆ ದಿನಕ್ಕೆ 800 ರೂಪಾಯಿ ಹೋಗುತ್ತೆ, ಅಪಾರ್ಟ್‌ಮೆಂಟಾದರೆ ಮೇಂಟೆನೆನ್ಸ್ ಬೇರೆ. ಬ್ರೋಕರ್‌ಗೆ ಅರ್ಧ ತಿಂಗಳು, ಅಂದರೆ 12,000 ಕೊಡಲು ಹೊಟ್ಟೆ ಉರಿಯುತ್ತೆ, ಒಪ್ಪಿದೆ. ಆದರೆ ಅದು 15 ದಿನದ ಖಾಲಿಗೆ ಸಮ. 15 ದಿನ ಮುಂಚೆ ಬಾಡಿಗೆದಾರರನ್ನು ತಂದರೆ ಅವರ ಕಮಿಷನ್ ಅಲ್ಲೇ ಹುಟ್ಟಿತು. ಬಾಡಿಗೆಯಲ್ಲಿ ಸಾವಿರ ಇಳಿಸಿದರೆ 11 ತಿಂಗಳ ಕರಾರಿಗೆ 11,000 ನಷ್ಟ, ಅದು 14 ದಿನಕ್ಕೂ ಕಡಿಮೆ. ನಾನು ಆ ಎರಡು ಸಾವಿರ ಜಾಸ್ತಿ ಸಿಗಲಿ ಅಂತ ಕೂತು ಒಂದೂವರೆ ತಿಂಗಳಿಗೂ ಹೆಚ್ಚು ಕಳೆದುಕೊಂಡೆ. ಬೆಲೆ ಹೆಚ್ಚಿದ್ದರೆ ಜಾಹೀರಾತಿಗೆ ಎಷ್ಟು ಸುರಿದರೂ ‘ದುಬಾರಿ’ ಅನ್ನುವವರ ಸಂಖ್ಯೆ ಹೆಚ್ಚುತ್ತೆ, ಅಷ್ಟೇ.

ಆಮೇಲೆ ಎಲ್ಲಾ ಕಡೆಯಿಂದ ತೆಗೆಸಿದೆ. ಕೆಂಗೇರಿಯಲ್ಲೇ ಮನೆ ಇರುವ ಒಬ್ಬ ಬ್ರೋಕರ್‌ನ ಕರೆದು ಕೀ ಅವರೊಬ್ಬರ ಕೈಗೇ ಕೊಟ್ಟೆ. ಮಾತು ಇಷ್ಟು: ತಿಂಗಳ ಕೊನೆವರೆಗೆ ಮನೆ ನಿಮ್ಮದೊಬ್ಬರದೇ, ಬೇರೆ ಯಾವ ಬ್ರೋಕರ್‌ಗೂ ಹೇಳಲ್ಲ. ನನಗೆ ನೇರ ಫೋನ್ ಬಂದರೂ ನಿಮ್ಮ ಹತ್ತಿರವೇ ಕಳಿಸ್ತೀನಿ, ಅರ್ಧ ತಿಂಗಳ ಬಾಡಿಗೆ ನಾನು ಕೊಡ್ತೀನಿ, ಬರುವವರ ಹತ್ತಿರ ಅರ್ಧಕ್ಕಿಂತ ಹೆಚ್ಚು ಕೇಳಬೇಡಿ. ಮಾಲೀಕರು ಬ್ರೋಕರ್‌ಗೆ ಯಾಕೆ ಕೊಡಬೇಕು ಅಂತ ನಮ್ಮ ಅಪಾರ್ಟ್‌ಮೆಂಟಿನವರು ನಕ್ಕರು. ಮನೆ ತೋರಿಸುವುದು ನನ್ನ ಕೆಲಸ, ಹಾಸನದಲ್ಲಿ ಕೂತು ಆಗಲ್ಲ. ಮಾಡುವವರಿಗೆ ಕೊಡುವುದರಲ್ಲಿ ನಾಚಿಕೆ ಏನು? ಪೋರ್ಟಲ್ ಒಂದರಲ್ಲಿ ಉಚಿತವಾಗಿಯೇ ಹಾಕಿದೆ, ಅದೂ 23,000ಕ್ಕೆ, ವಾಟ್ಸಾಪ್ ಗ್ರೂಪಲ್ಲೂ ಅದೇ 23,000. ಮೊದಲ ಸಾಲಿನಲ್ಲೇ ಕಾವೇರಿ ನೀರು, ಮೇಂಟೆನೆನ್ಸ್ ಎಷ್ಟು, ಅಡ್ವಾನ್ಸ್ ಎಷ್ಟು, ಯಾವ ತಾರೀಕಿನಿಂದ ಅಂತ ಬರೆದೆ. ಫೋನ್ ಕಡಿಮೆಯಾಯಿತು, ಬಂದವರು ಮಾತ್ರ ನಿಜವಾಗಿ ಮನೆ ಬೇಕಾದವರು. ಶ್ರಾವಣದಲ್ಲಿ ಬಂದ ದಂಪತಿ ಮೊದಲು ನೋಡಿದ್ದು ಆ ಉಚಿತ ಜಾಹೀರಾತು, ಮನೆ ತೋರಿಸಿ ಒಪ್ಪಿಸಿದ್ದು ಬ್ರೋಕರ್. ಗಂಡನಿಗೆ ಗ್ಲೋಬಲ್ ವಿಲೇಜ್‌ನಲ್ಲಿ ಕೆಲಸ, ಇಲ್ಲಿಂದ ಹತ್ತಿರ. ಹಾಗಾಗಿ ಪೋರ್ಟಲ್ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳಲ್ಲ.

ದುಡ್ಡು ಕಟ್ಟಿದರೆ ಫಲ ಕಾಣುವುದು ಬೇರೆ ಥರದ ಮನೆಗೆ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಒಂದೇ ನಕ್ಷೆಯ ಫ್ಲಾಟುಗಳು ಹತ್ತಾರು ಒಟ್ಟಿಗೆ ಖಾಲಿ ಇರುತ್ತವೆ. ಹುಡುಕುವವರು ಪುಣೆಯಲ್ಲೋ ಹೈದರಾಬಾದಲ್ಲೋ ಕೂತು ಮೊಬೈಲಲ್ಲೇ ಪಟ್ಟಿ ಮಾಡ್ತಾರೆ. ಅಂಥಲ್ಲಿ ಮೇಲೆ ಕಾಣಿಸುವುದಕ್ಕೆ ಬೆಲೆ ಇದೆ. ನಿಮ್ಮದು ನಾಗರಭಾವಿಯ ಬಿಡಿ ಮನೆಯ ಮಹಡಿ. ಲಾ ಸ್ಕೂಲ್, ಜ್ಞಾನಭಾರತಿ ಕಡೆ ಕೆಲಸಕ್ಕೆ ಬರುವವರು, ಅದೇ ಬಡಾವಣೆಯಲ್ಲಿ ಮನೆ ಬದಲಿಸುವವರು ನಿಮ್ಮ ಗಿರಾಕಿಗಳು. ಅವರು ಸಂಜೆ ಆ ಬೀದಿಗಳಲ್ಲೇ ಓಡಾಡ್ತಿರುತ್ತಾರೆ. ಗೇಟಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದಪ್ಪ ಅಕ್ಷರದ ಟು-ಲೆಟ್ ಬೋರ್ಡ್ ಹಾಕಿ. ‘2 ಬಿಎಚ್‌ಕೆ, ಮೊದಲನೇ ಮಹಡಿ, ಕಾವೇರಿ ನೀರು’ ಅಂತ ಬರೆಯಿರಿ (ಇದ್ದರೆ ಮಾತ್ರ), ಬಾಡಿಗೆಯನ್ನೂ ಬರೆಯಿರಿ. ಬಾಡಿಗೆ ಬರೆಯದ ಬೋರ್ಡಿನಿಂದ ಬರುವ ಫೋನುಗಳಲ್ಲಿ ಅರ್ಧ ‘ಎಷ್ಟು?’ ಅಂತ ಕೇಳಿ ಇಡುವವು.

ಬೋರ್ಡ್, ಒಂದು ಉಚಿತ ಜಾಹೀರಾತು, ಕೀ ಇಟ್ಟುಕೊಂಡ ಒಬ್ಬರು, ಎಲ್ಲೆಡೆ ಒಂದೇ ಬೆಲೆ. ಹತ್ತು ದಿನ ಹೀಗೆ ಬಿಡಿ. ಫೋನ್ ಮಾಡಿದವರನ್ನೆಲ್ಲ ‘ಎಲ್ಲಿ ನೋಡಿದ್ರಿ?’ ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫೋನೇ ಬರದಿದ್ದರೆ ಮನೆ ಯಾರ ಕಣ್ಣಿಗೂ ಬಿದ್ದಿಲ್ಲ, ಆಗ ಬೇಕಾದರೆ ಪ್ಲಾನ್ ಬಗ್ಗೆ ಯೋಚಿಸಿ. ಫೋನ್ ಬಂದು ನೋಡಲು ಯಾರೂ ಬರದಿದ್ದರೆ ಜಾಹೀರಾತಿನಲ್ಲಿ ಹೇಳದೇ ಉಳಿಸಿದ ಏನೋ ಫೋನಿನಲ್ಲಿ ಹೊರಬರುತ್ತಿದೆ: ಅಡ್ವಾನ್ಸ್, ಪಾರ್ಕಿಂಗ್, ಮಾಂಸಾಹಾರಿಗಳಿಗೆ ಕೊಡಲ್ಲ ಅನ್ನುವಂಥದ್ದು. ನೋಡಿ ಹೋದವರು ಮತ್ತೆ ಫೋನ್ ಮಾಡದಿದ್ದರೆ ಬೆಲೆ, ಇಲ್ಲವೇ ಬಚ್ಚಲಿನ ಗೋಡೆಯ ತೇವ. ಅದಕ್ಕೆ ಪೋರ್ಟಲ್ ಅಲ್ಲ, ಪ್ಲಂಬರ್ ಬೇಕು.

ಫೇಸ್‌ಬುಕ್ ಗ್ರೂಪಿನ ಬಗ್ಗೆ ಕೇಳಿದ್ರಿ. ರೂಮ್‌ಮೇಟ್ ಹುಡುಕಲು, ಬ್ಯಾಚುಲರ್‌ಗಳಿಗೆ ಕೊಡುವ ಮನೆಗಳಿಗೆ ಅವು ಚೆನ್ನಾಗಿವೆ. ಹಾಕುವುದಾದರೆ ಒಂದು ಎಚ್ಚರ: ಮನೆ ನೋಡದೆಯೇ ಒಪ್ಪಿ, ‘ನಾನು ಸೇನೆಯಲ್ಲಿದ್ದೀನಿ, ಬೆಂಗಳೂರಿಗೆ ವರ್ಗ ಆಗಿದೆ, ಅಡ್ವಾನ್ಸ್ ಈಗಲೇ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅನ್ನುವವರು ಸಿಗುತ್ತಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕಾಗಿಲ್ಲ. ಒತ್ತಿದರೆ ನಿಮ್ಮ ಖಾತೆಯಿಂದಲೇ ಹೋಗುತ್ತೆ. ನಮ್ಮ ಯಜಮಾನರ ಬೆರಳು ಪಿನ್ ಮೇಲೆ ಇತ್ತು, ಅಕ್ಕನ ಮಗಳು ಫೋನ್ ಕಿತ್ತುಕೊಂಡಳು.