ಅರ್ಧ ಲೋಟ ಕಾಫಿ, ಮೂರು ಗಂಟೆ ಕಾಯುವಿಕೆ

"ನಾಳಿದ್ದು ಬೆಳಗ್ಗೆ ಎಂಡೋಸ್ಕೋಪಿ. ಬೆಳಗ್ಗೆ ಒಂದು ಲೋಟ ಕಾಫಿ ಕುಡಿಯಬಹುದಾ? ಗಂಟಲಿಗೆ ಸ್ಪ್ರೇ ಹೊಡೀತಾರಂತೆ, ನೋವಾಗುತ್ತಾ? ಆಮೇಲೆ ಏನು ನೋಡ್ತಾರೆ?"

ಹಾಲು ಹಾಕಿದ ಕಾಫಿ ಬೇಡ. ನಾನು ಮಾಡಿದ ತಪ್ಪೇ ಅದು. ಜಯನಗರದ ಒಂದು ಆಸ್ಪತ್ರೆಯಲ್ಲಿ 9 ಗಂಟೆಗೆ ನನ್ನ ಸರದಿ. ಅರ್ಧ ಲೋಟ ತಾನೆ ಅಂತ 6 ಗಂಟೆಗೆ ಫಿಲ್ಟರ್ ಕಾಫಿ ಕುಡಿದು ಹೋದೆ. "ಕೊನೆಯದಾಗಿ ಏನು ತಗೊಂಡ್ರಿ, ಎಷ್ಟು ಹೊತ್ತಿಗೆ?" ಅಂತ ನರ್ಸ್ ಕೇಳಿದರು. ನಿಜ ಹೇಳಿದೆ. 12ರ ತನಕ ಕೂರಿಸಿದರು.

ಲೆಕ್ಕ ಇಷ್ಟೆ: ಊಟ, ಹಾಲು, ಹಾಲಿನ ಕಾಫಿ, ಟೀ ಆದಮೇಲೆ ಕನಿಷ್ಠ 6 ಗಂಟೆ. ಬರೀ ನೀರಿಗೆ ಸಾಮಾನ್ಯವಾಗಿ 2 ಗಂಟೆ. ನಿಮ್ಮ ಆಸ್ಪತ್ರೆಯವರು ಇದಕ್ಕಿಂತ ಜಾಸ್ತಿ ಹೇಳಿದ್ದರೆ ಅವರ ಮಾತೇ ಕೇಳಿ. ಹೊಟ್ಟೆಯಲ್ಲಿ ಏನಾದರೂ ಉಳಿದಿದ್ದರೆ, ಬಾಯಿಂದ ಇಳಿಸುವ ಕ್ಯಾಮೆರಾ ಕೊಳವೆಗೆ ಒಳಗಿನ ಪದರ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಭಯ ಬೇರೆ: ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಇವತ್ತೇ ಫೋನ್ ಮಾಡಿ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಗ್ಯಾಸ್ ಮಾತ್ರೆ ನುಂಗ್ತಿದ್ದರೆ ಅದನ್ನೂ ಹೇಳಿ, ಹೊಟ್ಟೆಹುಣ್ಣು ತರುವ ಎಚ್ ಪೈಲೋರಿ ಬ್ಯಾಕ್ಟೀರಿಯಾದ ಪರೀಕ್ಷೆಯಲ್ಲಿ ಅದು ಸೋಂಕನ್ನು ಮರೆಮಾಚಬಹುದು.

ಸ್ಪ್ರೇ ನೋವಾಗಲ್ಲ, ಕಹಿ. ಲಿಗ್ನೋಕೇನ್ ಅಂತ, ಹಲ್ಲಿನ ಡಾಕ್ಟರ್ ಮರಗಟ್ಟಿಸಲು ಕೊಡುವ ಇಂಜೆಕ್ಷನ್ನಿನ ಔಷಧಿಯೇ. ಅದು ನಿಮಗೆ ಒಗ್ಗದಿದ್ದರೆ ಮೊದಲೇ ಹೇಳಿಬಿಡಿ. ಒಂದೆರಡು ನಿಮಿಷಕ್ಕೆ ನಾಲಿಗೆಯ ಬುಡ ನಿಮ್ಮದಲ್ಲ ಅನ್ನಿಸುತ್ತದೆ, ಎಂಜಲು ನುಂಗಲು ಹೋದರೆ ಗಂಟಲಲ್ಲಿ ಉಂಡೆ ಸಿಕ್ಕಿಕೊಂಡ ಹಾಗೆ. ಉಸಿರು ಕಟ್ಟಿತೇನೋ ಅಂತ ನನಗೆ ಗಾಬರಿಯಾಗಿತ್ತು. ಮೂಗಲ್ಲಿ ಉಸಿರು ಆರಾಮಾಗಿ ಓಡಾಡುತ್ತಲೇ ಇತ್ತು. ಎಡ ಮಗ್ಗುಲಾಗಿ ಮಲಗಿಸಿ, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದು ಕೊಡುತ್ತಾರೆ. ಎಂಜಲು ನುಂಗದೆ ಹೊರಗೆ ಸುರಿಯಲು ಬಿಡಿ, ಮರ್ಯಾದೆ ನೋಡಬೇಡಿ. ತೇಗು ಬಂದರೂ ತಡೆಯಲಾಗಲ್ಲ, ಒಳಗೆ ಗಾಳಿ ಬಿಟ್ಟಿರುತ್ತಾರೆ. ಐದು ಹತ್ತು ನಿಮಿಷದ ಕೆಲಸ.

ಆಮೇಲೆ ನಾಡಿ, ಬಿಪಿ, ಆಕ್ಸಿಜನ್ ನೋಡುತ್ತಾರೆ, ಹೊಟ್ಟೆ ನೋವಿದೆಯಾ ಅಂತ ಕೇಳುತ್ತಾರೆ. ಮುಖ್ಯವಾದದ್ದು ಗಂಟಲು. ಮರಗಟ್ಟಿದ ಗಂಟಲಿಗೆ ನೀರು ಯಾವ ದಾರಿ ಹಿಡಿಯಿತು ಅಂತ ಗೊತ್ತಾಗಲ್ಲ. ಅರ್ಧದಿಂದ ಒಂದು ಗಂಟೆ ಬಿಟ್ಟು ಒಂದು ಗುಟುಕು ತಣ್ಣೀರು ಕೊಟ್ಟು ನೋಡಿದರು. ನನಗೆ ಕೆಮ್ಮು ಬಂತು, ಇನ್ನೂ ಇಪ್ಪತ್ತು ನಿಮಿಷ ಕಾಯಿಸಿದರು. ಎರಡನೇ ಸಲ ಸಲೀಸಾಗಿ ಇಳಿಯಿತು, ಆಗಲೇ ಇಡ್ಲಿ. ಬಿಸಿ ಬಿಸಿ ಬೇಡ, ಬಾಯಿ ಸುಟ್ಟರೂ ತಿಳಿಯಲ್ಲ.

ನಿದ್ದೆಯ ಇಂಜೆಕ್ಷನ್ ಕೊಟ್ಟರೆ ಜೊತೆಗೊಬ್ಬರು ಬೇಕು, ಮಾರನೇ ದಿನದ ತನಕ ಗಾಡಿ ಮುಟ್ಟಬೇಡಿ. ಗಂಟಲು ಒಂದೆರಡು ದಿನ ಕೆರೆಯುವುದು ಸಹಜ. ಎದೆ ಅಥವಾ ಹೊಟ್ಟೆಯಲ್ಲಿ ಜೋರು ನೋವು, ಜ್ವರ, ಉಸಿರಾಟದ ತೊಂದರೆ, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಎಮರ್ಜೆನ್ಸಿಗೆ ಹೋಗಿ.